ನೈಂಟಿ, ಎರಡು ಸ್ಟಾಪ್ ನಡಿಗೆ, ಅಕ್ಕನ ಫೋನು

ವೈಟ್‌ಫೀಲ್ಡ್‌ನಲ್ಲಿ ಕೆಲಸ, ಅತ್ತಿಗುಪ್ಪೆಯಲ್ಲಿ ಒಂಟಿ ರೂಮು. ರಾತ್ರಿ ಒಂಬತ್ತಕ್ಕೆ ಮೆಟ್ರೋ ಇಳಿಯುತ್ತಿದ್ದೆ. ಸ್ಟೇಷನ್‌ಗೂ ರೂಮಿಗೂ ನಡುವೆ ಒಂದು ವೈನ್ ಶಾಪ್. ಒಂದು ಕ್ವಾರ್ಟರ್ ತಂದರೆ ಎರಡು ದಿನಕ್ಕೆ ಆಗುತ್ತಿತ್ತು, ದಿನಕ್ಕೊಂದು ನೈಂಟಿ. ಆಮೇಲಾಮೇಲೆ ಕೆಲವು ರಾತ್ರಿ ಎರಡು ದಿನದ್ದು ಒಂದೇ ದಿನಕ್ಕೆ ಖಾಲಿಯಾಗತೊಡಗಿತು. ಆಗ ಸ್ವಲ್ಪ ಹೆದರಿಕೆಯಾಯಿತು. ಕುಡಿಯುವುದರ ಬದಲಿಗೆ ಬೇರೆ ಬೇರೆ ಮಾಡಿ ನೋಡಿದೆ, ಒಂದೊಂದನ್ನೂ ಎರಡು ಮೂರು ವಾರ. ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಯಿತು ಅಂತ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟೆ.

ನೈಂಟಿಯ ಬಗ್ಗೆ ಸುಳ್ಳು ಹೇಳಲಾರೆ. ಹದಿನೈದು ನಿಮಿಷದಲ್ಲಿ ತಲೆ ಹಗುರವಾಗುತ್ತದೆ, ಅಷ್ಟು ಬೇಗ ಇನ್ಯಾವುದೂ ಕೆಲಸ ಮಾಡುವುದಿಲ್ಲ. ತೊಂದರೆ ಇರುವುದು ಆಮೇಲೆ. ನಮ್ಮ ವಿಸ್ಕಿಯಲ್ಲಿ 42.8% ಆಲ್ಕೋಹಾಲ್. 90 ಎಂಎಲ್‌ನಲ್ಲಿ ಸುಮಾರು 30 ಗ್ರಾಂ ಆಯಿತು. ಲಿವರ್ ಗಂಟೆಗೆ ಹೆಚ್ಚುಕಮ್ಮಿ 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ. ಒಂಬತ್ತೂವರೆಗೆ ಕುಡಿದದ್ದು ಇಳಿಯುವಾಗ ರಾತ್ರಿ ಒಂದು ಗಂಟೆ, ಒಂದೂವರೆ. ಅಲ್ಲಿಯವರೆಗೆ ಮದ್ಯ ಮಿದುಳಿಗೆ ಬ್ರೇಕ್ ಒತ್ತಿರುತ್ತದೆ, ಮಿದುಳು ಅದಕ್ಕೆ ವಿರುದ್ಧವಾಗಿ ಆಕ್ಸಿಲರೇಟರ್ ತುಳಿದಿರುತ್ತದೆ. ಬ್ರೇಕ್ ಬಿಟ್ಟ ಮೇಲೂ ಕಾಲು ಆಕ್ಸಿಲರೇಟರ್ ಮೇಲೆಯೇ. ಹಾಗಾಗಿ ಮೂರು ಗಂಟೆಗೆ ಎದೆ ಡಬಡಬ, ಬಾಯಿ ಒಣಗಿ ಎಚ್ಚರ, ಜೊತೆಗೆ ಕ್ಲೈಂಟ್ ಮೇಲ್ ನೆನಪು. ಇದೆಲ್ಲ ಕೆಲಸದ ಟೆನ್ಶನ್ ಅಂತಲೇ ನಾನು ಅಂದುಕೊಂಡಿದ್ದೆ. ಕುಡಿಯದ ರಾತ್ರಿಗಳಲ್ಲಿ ಮೊದಲ ವಾರ ನಿದ್ದೆ ಇನ್ನೂ ಕೆಟ್ಟದಾಗಿತ್ತು. ಎರಡನೇ ವಾರದಿಂದ ಕ್ಯಾಲೆಂಡರ್‌ನಲ್ಲಿ 'ಮೂರು' ಅನ್ನುವುದು ಅಪರೂಪವಾಯಿತು.

ಒಂದು ಮಾತು. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರು, ದಿನಾ ಜಾಸ್ತಿ ಕುಡಿಯುವವರು ನನ್ನ ಹಾಗೆ ಒಮ್ಮೆಗೇ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಮೊದಲು ಡಾಕ್ಟರನ್ನು ನೋಡಬೇಕು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ವಿಸ್ಕಿ ಬಿಟ್ಟು ಬಿಯರ್‌ಗೆ ಹೋದದ್ದು ನನ್ನ ಮೊದಲ ಜಾಣತನ. ಲೇಬಲ್ ಓದಿದೆ: 650 ಎಂಎಲ್, 7%. ಲೆಕ್ಕ ಹಾಕಿದರೆ ನೈಂಟಿಗಿಂತ ಜಾಸ್ತಿ ಆಲ್ಕೋಹಾಲ್! ಸುಮ್ನೆ ಹೊಟ್ಟೆ ಉಬ್ಬರ ಬೇರೆ. ರೀಲ್ಸ್ ನೋಡುತ್ತಾ ಬಿದ್ದುಕೊಂಡರೆ ಗಂಟೆ ಹನ್ನೆರಡೂವರೆ, ತಲೆ ಮಾತ್ರ ಹಾಗೇ ಭಾರ. ರಾತ್ರಿ ಹತ್ತಕ್ಕೆ ಜಿಮ್‌ಗೆ ಹೋದರೆ ಮೈ ಬಿಸಿಯಾಗಿ ನಿದ್ದೆಯೇ ಹತ್ತಿರ ಬರುತ್ತಿರಲಿಲ್ಲ.

ಕೆಲಸಕ್ಕೆ ಬಂದದ್ದು ನಡಿಗೆ. ಎರಡು ಸ್ಟಾಪ್ ಮೊದಲೇ ಹೊಸಹಳ್ಳಿಯಲ್ಲಿ ಇಳಿದು, ಹುರಿದ ಕಡಲೆಕಾಯಿ ಪೊಟ್ಟಣ ಕಟ್ಟಿಸಿಕೊಂಡು, ಒಳರಸ್ತೆಯಲ್ಲಿ ಇಪ್ಪತ್ತೈದು ನಿಮಿಷ. ಆ ದಾರಿಯಲ್ಲಿ ವೈನ್ ಶಾಪ್ ಸಿಗುವುದಿಲ್ಲ, ಅದೇ ಮುಖ್ಯ. ಕಡಲೆಕಾಯಿಯೂ ಅಷ್ಟೇ ಮುಖ್ಯ ಅಂತ ಆಮೇಲೆ ಗೊತ್ತಾಯಿತು. ಮಧ್ಯಾಹ್ನ ಒಂದಕ್ಕೆ ಉಂಡವನಿಗೆ ರಾತ್ರಿ ಒಂಬತ್ತಕ್ಕೆ ಆಗುವ ಚಡಪಡಿಕೆಯಲ್ಲಿ ಅರ್ಧ ಹಸಿವೇ ಇತ್ತು. ಉಳಿದ ಆಸೆ ಅಲೆಯ ಹಾಗೆ ಏರಿ, ಇಪ್ಪತ್ತು ನಿಮಿಷದೊಳಗೆ ಇಳಿಯುತ್ತಿತ್ತು. ಬಾಗಿಲು ತೆಗೆಯುವ ಹೊತ್ತಿಗೆ ಆಫೀಸು ಹಿಂದೆ ಉಳಿದಿರುತ್ತಿತ್ತು.

ಆದರೆ ಬಾಗಿಲು ತೆಗೆದ ಮೇಲೆ? ಖಾಲಿ ರೂಮಿಗೆ ನಡಿಗೆ ಔಷಧಿಯಲ್ಲ. ನೈಂಟಿ ಎರಡು ಕೆಲಸ ಮಾಡುತ್ತಿತ್ತು, ಆಫೀಸು ಮುಗಿಸುವುದು ಒಂದು, ಪಕ್ಕದಲ್ಲಿ ಯಾರೋ ಇದ್ದಾರೆ ಅನ್ನಿಸುವುದು ಇನ್ನೊಂದು. ಎರಡಕ್ಕೂ ಒಂದೇ ಬದಲಿ ಹುಡುಕಿದ್ದು ನನ್ನ ತಪ್ಪು.

ಗೆಳೆಯರ ಜೊತೆ 'ಫ್ರೀ ಇದ್ದಾಗ ಮಾತಾಡೋಣ' ಅಂದುಕೊಂಡದ್ದು ಒಂದು ದಿನವೂ ನಡೆಯಲಿಲ್ಲ. ಹಾಸನದಲ್ಲಿರುವ ಅಕ್ಕನಿಗೆ ಸರಿಯಾಗಿ ಒಂಬತ್ತೂಮುಕ್ಕಾಲಿಗೆ ಫೋನ್ ಅಂತ ಗೊತ್ತು ಮಾಡಿಕೊಂಡದ್ದು ನಡೆಯಿತು. ಐದು ನಿಮಿಷ ತಡವಾದರೆ ಅವಳೇ ಮಾಡುತ್ತಾಳೆ, "ಊಟ ಆಯ್ತೇನೋ? ಏನ್ ಸಾರು?" ಅಷ್ಟೇ ಮಾತು. ಸಾರು ಮಾಡಿಲ್ಲ ಅಂದರೆ ಬೈಗುಳ, ಹಾಗಾಗಿ ಮಾಡುತ್ತೇನೆ. ಶನಿವಾರ ಬೆಳಿಗ್ಗೆ ಆರಕ್ಕೆ ಶಟಲ್. ಜಿಮ್‌ಗೆ ನಾನು ಹೋಗದಿದ್ದರೆ ಯಾರೂ ಕೇಳುವುದಿಲ್ಲ. ಇಲ್ಲಿ ಹಿಂದಿನ ರಾತ್ರಿಯೇ ಮೆಸೇಜು, "ನೀನು ಬರ್ಲಿಲ್ಲ ಅಂದ್ರೆ ಮೂರೇ ಜನ ಕಣೋ."

ಮಳೆ ಬಂದರೆ ಮಾತ್ರ ನನ್ನ ಏರ್ಪಾಡು ಕೆಡುತ್ತದೆ. ಕಳೆದ ಶುಕ್ರವಾರ ಜೋರು ಮಳೆ, ಹೊಸಹಳ್ಳಿಯಲ್ಲಿ ಇಳಿಯಲಿಲ್ಲ. ಅಂಗಡಿ ದಾರಿಯಲ್ಲೇ ಇತ್ತು, ನೈಂಟಿ ತಂದೆ. ಅಕ್ಕನ ಫೋನು ಎತ್ತಲಿಲ್ಲ. ಮೂರು ಹತ್ತಕ್ಕೆ ಎಚ್ಚರ, ಮತ್ತೆ ನಿದ್ದೆ ಇಲ್ಲ. ಆರಕ್ಕೆ ಕೋರ್ಟಿಗೆ ಹೋದೆ. ಮೊದಲ ಗೇಮು 21-9ಕ್ಕೆ ಸೋತೆವು.