ಬಿಲ್ಲಿನ ಎಚ್‌ಎಸ್‌ಎನ್‌ಗೂ ಹಾಕಿದ ತೆರಿಗೆಗೂ ತಾಳೆ: ಮೂರು ದಾರಿ ಬಳಸಿ ನೋಡಿದ ಮೇಲೆ

ಹುಬ್ಬಳ್ಳಿಯ ಸ್ಟೇಷನರಿ ಅಂಗಡಿ, ಬಟ್ಟೆ ಅಂಗಡಿ ಮತ್ತು ಬ್ಯಾಡಗಿ ಕಡೆಯ ಮೆಣಸಿನಕಾಯಿ ವ್ಯಾಪಾರಿಗಳ ಖರೀದಿ ಬಿಲ್ಲುಗಳನ್ನು ನಮ್ಮ ಆಫೀಸಿನಲ್ಲಿ ಸ್ಕ್ಯಾನ್ ಮಾಡಿ, ಒಂದೊಂದು ಸಾಲನ್ನೂ ಎಕ್ಸೆಲ್ ಹಾಳೆಗೆ ಇಳಿಸುತ್ತೇವೆ. ಆ ಸಾಲಿನಲ್ಲಿರುವ ಎಚ್‌ಎಸ್‌ಎನ್ ಕೋಡಿಗೆ ಸರಿಯಾದ ತೆರಿಗೆಯನ್ನೇ ಹಾಕಿದ್ದಾರೆಯೇ ಎಂದು ನೋಡಲು ಮೂರು ದಾರಿ ಬಳಸಿದ್ದೇನೆ. ಕೋಡಿಗೊಂದು ದರ ಬರೆದಿಟ್ಟ ಪಟ್ಟಿ ಮೊದಲನೆಯದು. ಅದೇ ಸಪ್ಲಾಯರ್ ಹಿಂದೆ ಅದೇ ಮಾಲಿಗೆ ಹಾಕಿದ ದರದ ಜೊತೆ ಹೋಲಿಸುವುದು ಎರಡನೆಯದು. ಒಂದು ಕೋಡಿಗೆ ಇರಬಹುದಾದ ಎಲ್ಲ ದರಗಳನ್ನೂ ಷರತ್ತು, ದಿನಾಂಕದ ಸಮೇತ ಇಟ್ಟುಕೊಳ್ಳುವ ಪಟ್ಟಿ ಮೂರನೆಯದು.

ಯಾವ ದಾರಿ ಹಿಡಿದರೂ ಎರಡು ಕೆಲಸ ಮೊದಲೇ ಮುಗಿಸಬೇಕು. ಬಿಲ್ಲಿನಲ್ಲಿ ಅಚ್ಚಾದ ದರವನ್ನು ನಂಬದೆ, ತೆರಿಗೆ ಮೊತ್ತದಿಂದಲೇ ದರ ತೆಗೆಯಬೇಕು. ಕರ್ನಾಟಕದೊಳಗಿನ ಬಿಲ್ಲಾದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡನ್ನೂ ಕೂಡಿಸಬೇಕು. ಹೊರರಾಜ್ಯದ ಬಿಲ್ಲಿನಲ್ಲಿ ಐಜಿಎಸ್‌ಟಿ ಒಂದೇ ಇರುತ್ತದೆ. ಎರಡನೆಯ ಕೆಲಸ ಕೋಡನ್ನು ಸರಿಮಾಡುವುದು. ಒಣ ಮೆಣಸಿನಕಾಯಿಯ 09042110 ಎಕ್ಸೆಲ್‌ಗೆ ಬಂದ ಕೂಡಲೇ ಮುಂದಿನ ಸೊನ್ನೆ ಬಿಟ್ಟು 9042110 ಆಗುತ್ತದೆ. ಅದರ ಮೊದಲ ನಾಲ್ಕು ಅಂಕಿ ತೆಗೆದರೆ 9042, ಅಂದರೆ ಮೆಣಸಿನಕಾಯಿ ಹೋಗಿ ಕನ್ನಡಕ, ಅಳತೆ ಉಪಕರಣಗಳ 90ನೇ ಅಧ್ಯಾಯಕ್ಕೆ ಸೇರಿಬಿಡುತ್ತದೆ. ಬಿಲ್ಲಿನ ಎಚ್‌ಎಸ್‌ಎನ್‌ನಲ್ಲಿ ಅಂಕಿಗಳು ಯಾವಾಗಲೂ ಸರಿಸಂಖ್ಯೆಯಲ್ಲಿ, ಅಂದರೆ 4, 6 ಅಥವಾ 8 ಇರುವುದರಿಂದ ಬೆಸ ಬಂದರೆ ಸೊನ್ನೆ ಹೋಗಿರಬೇಕು ಎಂದು ಹಿಡಿಯಬಹುದು:

```
=IF(ISODD(LEN(D2)),"0"&D2,D2&"")
```

ಸ್ಕ್ಯಾನ್ ಮಾಡುವಾಗ ನಡುವಿನ ಒಂದು ಅಂಕಿ ಬಿಟ್ಟುಹೋದರೂ ಬೆಸವೇ ಬರುತ್ತದೆ. ಹಾಗಾಗಿ ಸೊನ್ನೆ ಸೇರಿಸಿದ ಸಾಲುಗಳಲ್ಲಿ ಮಾಲಿನ ಹೆಸರನ್ನು ಕಣ್ಣಿಂದ ಓದಲೇಬೇಕು.

ಈಗ ಹೋಲಿಕೆಗೆ ಬರೋಣ. ಮೂರೂ ದಾರಿಗಳ ಬಂಡವಾಳ ಬಯಲಾದದ್ದು ನೋಟ್‌ಬುಕ್ ಬಿಲ್ಲಿನಲ್ಲಿ. ಶಿವಕಾಶಿಯಿಂದ ಬಂದ 2025ರ ಅಕ್ಟೋಬರ್ ಬಿಲ್ಲು, ಎರಡು ಸಾಲು, ಎರಡಕ್ಕೂ ಎಚ್‌ಎಸ್‌ಎನ್ 4820. ಮೊದಲ ಸಾಲು `LONG BOOK 172P`, ಬೆಲೆ 9,600 ರೂಪಾಯಿ, ಐಜಿಎಸ್‌ಟಿ 1,728. ಎರಡನೆಯದು `REG 2Q RULED`, ಬೆಲೆ 4,000, ಐಜಿಎಸ್‌ಟಿ 720. ಲೆಕ್ಕ ಹಾಕಿದರೆ ಎರಡೂ ಸಾಲಿನ ದರ 18. ಆದರೆ 2025ರ ಸೆಪ್ಟೆಂಬರ್ 22ರಿಂದ 4820ರಲ್ಲಿ ಬರೆಯುವ ನೋಟ್‌ಬುಕ್, ಗ್ರಾಫ್ ಪುಸ್ತಕ, ಲ್ಯಾಬ್ ಪುಸ್ತಕಗಳಿಗೆ ತೆರಿಗೆಯೇ ಇಲ್ಲ. ರಿಜಿಸ್ಟರ್, ಲೆಕ್ಕದ ಪುಸ್ತಕ, ಡೈರಿಗಳು 18ರಲ್ಲೇ ಉಳಿದಿವೆ. ಹಾಗಾಗಿ ಎರಡನೆಯ ಸಾಲು ಸರಿ, ಮೊದಲನೆಯದು ತಪ್ಪು.

ಮೊದಲನೆಯ ದಾರಿ ಇಲ್ಲಿ ಪೂರ್ತಿ ಸೋತಿತು. ಪಟ್ಟಿಯಲ್ಲಿ 4820ರ ಎದುರು 18 ಬರೆದಿದ್ದರೆ ಎರಡೂ ಸಾಲು ಪಾಸ್. ಸೊನ್ನೆ ಬರೆದಿದ್ದರೆ ನೋಟ್‌ಬುಕ್ಕಿನ ತಪ್ಪು ಸಿಗುತ್ತದೆ, ಆದರೆ ಸರಿಯಿದ್ದ ರಿಜಿಸ್ಟರ್ ಸಾಲೂ ಕೆಂಪಾಗುತ್ತದೆ. ಎಂಟಂಕಿ ಕೋಡ್ ಇದ್ದಿದ್ದರೆ 48202000 ನೋಟ್‌ಬುಕ್, 48201010 ರಿಜಿಸ್ಟರ್ ಎಂದು ಬೇರ್ಪಡಿಸಬಹುದಿತ್ತು. ಆದರೆ ವರ್ಷಕ್ಕೆ 5 ಕೋಟಿವರೆಗೆ ವಹಿವಾಟು ಇರುವವರು ಬಿಲ್ಲಿನಲ್ಲಿ ನಾಲ್ಕಂಕಿ ಹಾಕಿದರೆ ನಿಯಮದ ಪ್ರಕಾರ ಸಾಕು. ನಮ್ಮ ಕೈಗೆ ಬರುವ ಬಹುಪಾಲು ಬಿಲ್ಲು ಅಂಥವೇ. ಒಣ ಮೆಣಸಿನಕಾಯಿಯ 0904 ಥರ ಇಡೀ ಶೀರ್ಷಿಕೆಗೆ 5ರ ಒಂದೇ ದರ ಇರುವ ಕಡೆ ಮಾತ್ರ ಈ ಪಟ್ಟಿ ಚೊಕ್ಕಾಗಿ ಕೆಲಸ ಮಾಡುತ್ತದೆ.

ಎರಡನೆಯ ದಾರಿ ನಮ್ಮ ಹಿರಿಯ ಅಕೌಂಟಂಟರಿಗೆ ಬಹಳ ಇಷ್ಟ. "ಹೋದ ತಿಂಗಳನೂ ಇಷ್ಟ ಹಾಕ್ಯಾರ್ರೀ, ಮತ್ತೇನ್ ನೋಡೂದೈತಿ ಅದರಾಗ?" ಅನ್ನುತ್ತಾರೆ. ಅವರ ಮಾತಲ್ಲಿ ತಿರುಳಿದೆ. ಸ್ಕ್ಯಾನರ್ 3ನ್ನು 8 ಎಂದು ಓದಿದ್ದು, ಸಪ್ಲಾಯರ್ ಕಡೆಯ ಹುಡುಗ ಬೇರೆ ಮಾಲಿನ ಕೋಡ್ ಒತ್ತಿದ್ದು, ಇವೆಲ್ಲ ಈ ದಾರಿಯಲ್ಲಿ ಬೇಗ ಸಿಗುತ್ತವೆ. ಆದರೆ ಶಿವಕಾಶಿ ಬಿಲ್ಲಿಗೆ ಅದು ಕೊಟ್ಟ ಎಚ್ಚರಿಕೆ ನೋಡಿ: ನೋಟ್‌ಬುಕ್ಕಿಗೆ ಮೊದಲು 12 ಇತ್ತು, ಈಗ 18 ಯಾಕೆ ಎಂದು ಕೇಳಿತು. ತಪ್ಪು ಇದೆ ಎಂದು ಹೇಳಿತು, ಆದರೆ ಸರಿ ಉತ್ತರವೂ 12 ಅಲ್ಲ. ಇನ್ನೂ ದೊಡ್ಡ ತೊಂದರೆ ಮುಂದಿದೆ. ಆ ಎಚ್ಚರಿಕೆಯನ್ನು "ದರ ಬದಲಾಗ್ಯಾವಲ್ಲ" ಎಂದು ಯಾರಾದರೂ ಒಮ್ಮೆ ಒಪ್ಪಿಬಿಟ್ಟರೆ 18 ಎಂಬುದೇ ಹಿಂದಿನ ದರವಾಗಿ ಕೂರುತ್ತದೆ. ಅಲ್ಲಿಂದಾಚೆಗೆ ಆ ಸಪ್ಲಾಯರನ ಪ್ರತಿ ತಪ್ಪು ಬಿಲ್ಲೂ ಹಸಿರು.

ಮೂರನೆಯ ದಾರಿಯ ಪಟ್ಟಿಯಲ್ಲಿ 4820ಕ್ಕೆ ಒಂದಕ್ಕಿಂತ ಹೆಚ್ಚು ಸಾಲು ಇರುತ್ತವೆ. ನೋಟ್‌ಬುಕ್ ಗುಂಪಿಗೆ ಸೆಪ್ಟೆಂಬರ್ 21ರವರೆಗೆ 12, ನಂತರ ಸೊನ್ನೆ. ರಿಜಿಸ್ಟರ್ ಗುಂಪಿಗೆ 18. ಪ್ರತಿ ಸಾಲಿನ ಪಕ್ಕ ಗುರುತಿನ ಪದಗಳು: ಒಂದಕ್ಕೆ `LONG BOOK`, `NOTE`, `GRAPH`, ಇನ್ನೊಂದಕ್ಕೆ `REG`, `LEDGER`, `DIARY`. ಬಿಲ್ಲಿನ ದರ ಪಟ್ಟಿಯ ಯಾವ ಸಾಲಿಗೂ ಹೊಂದದಿದ್ದರೆ ಕೆಂಪು. ದರ ಪಟ್ಟಿಯಲ್ಲಿದ್ದು, ಪದ ಬೇರೆ ಸಾಲಿಗೆ ಹೊಂದಿದರೆ ಹಳದಿ. ಶಿವಕಾಶಿಯ ಮೊದಲ ಸಾಲು ಹಳದಿ ಬಂತು, ಎರಡನೆಯದು ಹಸಿರು ಬಂತು. ನನಗೆ ಬೇಕಾದದ್ದು ಇಷ್ಟೇ. ಪದಗಳ ಪಟ್ಟಿ ಕಟ್ಟುವುದು ಮಾತ್ರ ಬೇಸರದ ಕೆಲಸ, ಒಬ್ಬೊಬ್ಬ ಸಪ್ಲಾಯರ್ ಒಂದೊಂದು ಥರ ಮೊಟಕು ಮಾಡಿ ಬರೆಯುತ್ತಾರೆ.

ಸಿದ್ಧ ಉಡುಪಿನಲ್ಲಿ ಪದಗಳಿಂದ ಕೆಲಸ ಆಗುವುದಿಲ್ಲ, ಅಲ್ಲಿ ಷರತ್ತು ಬೆಲೆಯದು. ಈಗ ಒಂದು ಪೀಸಿನ ಮಾರಾಟ ಬೆಲೆ 2,500ರವರೆಗೆ ಇದ್ದರೆ 5, ಮೇಲಾದರೆ 18. ಅಂಗಿಯ ದರ 2,600, ನಾಲ್ಕು ಪೀಸು, ಬಿಲ್ಲಿನಲ್ಲೇ ಶೇಕಡಾ 10 ಕಡಿತ ಎಂದುಕೊಳ್ಳಿ. ತೆರಿಗೆ ಬೀಳುವ ಮೊತ್ತ 9,360, ಒಂದು ಪೀಸಿಗೆ 2,340. ತೆರಿಗೆ 468 ಇದ್ದರೆ ಸರಿ. ಪರೀಕ್ಷೆಗೆ ದರದ ಕಾಲಮ್ಮಿನ 2,600 ತೆಗೆದುಕೊಂಡರೆ ಸುಮ್ಮನೆ ತಪ್ಪು ತೋರಿಸುತ್ತದೆ. ಕಡಿತದ ನಂತರದ ಮೊತ್ತವನ್ನು ಪೀಸಿನಿಂದ ಭಾಗಿಸಿಯೇ ನೋಡಬೇಕು.

ಸುಳ್ಳು ಎಚ್ಚರಿಕೆಗಳು ಮೂರನೆಯ ದಾರಿಯಲ್ಲೂ ಇವೆ. ಕಾಂಪೊಸಿಷನ್ ವ್ಯಾಪಾರಿ ಕೊಡುವುದು ಬಿಲ್ ಆಫ್ ಸಪ್ಲೈ, ಅದರಲ್ಲಿ ತೆರಿಗೆ ಇರಲೇಬಾರದು. ತಲೆಬರಹ ನೋಡಿ ಅಂಥವನ್ನು ಮೊದಲೇ ಬೇರೆ ಇಡಬೇಕು. ಹಾಗೆಯೇ ಆಗಸ್ಟಿನ ನೋಟ್‌ಬುಕ್ ಬಿಲ್ಲಿಗೆ ಅಕ್ಟೋಬರಿನಲ್ಲಿ ಬಂದ ಕ್ರೆಡಿಟ್ ನೋಟಿನಲ್ಲಿ 12 ಇದ್ದರೆ ಅದು ಸರಿಯೇ. ಅಲ್ಲಿ ನೋಡಬೇಕಾದ್ದು ಮೂಲ ಬಿಲ್ಲಿನ ದಿನಾಂಕ.

ನಾನೀಗ ಮೂರನೆಯದನ್ನೇ ಮುಖ್ಯವಾಗಿ ಬಳಸುತ್ತೇನೆ, ಎರಡನೆಯದನ್ನು ಸ್ಕ್ಯಾನ್ ತಪ್ಪು ಹಿಡಿಯಲು ಮಾತ್ರ. ಇಷ್ಟು ಶ್ರಮ ಯಾಕೆ ಎಂದರೆ ಆ 1,728 ರೂಪಾಯಿ ಅಂಗಡಿಯವರ ಕಿಸೆಯಿಂದಲೇ ಹೋಗುವಂಥದ್ದು. ನೋಟ್‌ಬುಕ್ ಮಾರುವಾಗ ತೆರಿಗೆ ಇಲ್ಲದ್ದರಿಂದ ಅದರ ಖರೀದಿಯ ಮೇಲಿನ ಇನ್‌ಪುಟ್ ಕ್ರೆಡಿಟ್ ಉಳಿಸಿಕೊಳ್ಳಲು ಬರುವುದಿಲ್ಲ. ಸಪ್ಲಾಯರ್ ಕ್ರೆಡಿಟ್ ನೋಟ್ ಕೊಟ್ಟರೆ ಮಾತ್ರ ಹಣ ತಿರುಗಿ ಬರುತ್ತದೆ. 2025-26ರ ಬಿಲ್ಲುಗಳಿಗೆ ಅವರು ಆ ನೋಟನ್ನು ರಿಟರ್ನಿನಲ್ಲಿ ತೋರಿಸಲು ಕೊನೆಯ ದಿನ 2026ರ ನವೆಂಬರ್ 30. ಅವರು ವಾರ್ಷಿಕ ರಿಟರ್ನ್ ಅದಕ್ಕಿಂತ ಮೊದಲೇ ಸಲ್ಲಿಸಿದರೆ ಅಂದಿಗೇ ಅವಕಾಶ ಮುಗಿಯುತ್ತದೆ.