ತಟ್ಟೆ ಬಲಕ್ಕೆ ಎಳೆದರೆ ಒತ್ತಡ ಎಡಕ್ಕೆ ತಳ್ಳುತ್ತದೆ: ಒಂದೇ ಲೆಕ್ಕ, ಮೂರು ದಾರಿ

ಎರಡು ಚಪ್ಪಟೆ ತಟ್ಟೆಗಳು, ನಡುವೆ 1 ಮಿ.ಮೀ. ಸಂದು, ಸಂದಿನ ತುಂಬ ಎಣ್ಣೆ. ಕೆಳಗಿನ ತಟ್ಟೆ ಕದಲುವುದಿಲ್ಲ. ಮೇಲಿನದು ಸೆಕೆಂಡಿಗೆ ಅರ್ಧ ಮೀಟರಿನಂತೆ ಬಲಕ್ಕೆ ಜಾರುತ್ತಿದೆ. ಬಲಕ್ಕೆ ಹೋದಷ್ಟೂ ಒತ್ತಡ ಏರುತ್ತದೆ, ಮೀಟರಿಗೆ 2 ಬಾರ್. ಅಂದರೆ ತಟ್ಟೆ ಎಣ್ಣೆಯನ್ನು ಬಲಕ್ಕೆ ಎಳೆಯುತ್ತದೆ, ಒತ್ತಡ ಎಡಕ್ಕೆ ತಳ್ಳುತ್ತದೆ. ಕೊನೆಗೆ ಎಣ್ಣೆ ಎತ್ತ ಹರಿಯುತ್ತದೆ, ಎಷ್ಟು?

ಇದು ಸುಮ್ನೆ ಪರೀಕ್ಷೆಗೆಂದು ಕಟ್ಟಿದ ಲೆಕ್ಕವಲ್ಲ. ಬೇರಿಂಗಿನಲ್ಲಿ ಎಣ್ಣೆಯ ಪದರ ಕಿರಿದಾಗುತ್ತಾ ಹೋಗುವ ಕಡೆ, ಒಳಬರುವ ಬಾಯಿಯ ಹತ್ತಿರ, ನಡೆಯುವುದು ಇದೇ. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಬೇರಿಂಗಿನ ಎಣ್ಣೆಗೆ ಸಮೀಕರಣ ಕಟ್ಟಿದಾಗ, ಪ್ರತಿಯೊಂದು ಜಾಗದಲ್ಲೂ ಇದೇ ಎಳೆತ-ತಳ್ಳಾಟದ ಹರಿವನ್ನು ಇಟ್ಟುಕೊಂಡಿದ್ದ. ನನ್ನ ಕೆಲಸವೂ ಬೇರಿಂಗಿನದೇ. ಹಾಗಾಗಿ ಈ ಲೆಕ್ಕವನ್ನು ಕೈಯಲ್ಲಿ ಒಂದು ಸಲ, ಕಂಪ್ಯೂಟರಿನಲ್ಲಿ ಎರಡು ಬೇರೆ ಬೇರೆ ರೀತಿಯಲ್ಲಿ ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ. ಎಣ್ಣೆಯ ಸ್ನಿಗ್ಧತೆ 0.1 ಪಾಸ್ಕಲ್-ಸೆಕೆಂಡ್ ಅಂತ ಹಿಡಿದೆ. ರೆನಾಲ್ಡ್ಸ್ ಸಂಖ್ಯೆ ನಾಲ್ಕರ ಆಸುಪಾಸು ಬರುತ್ತದೆ, ಹರಿವು ಪೂರ್ತಿ ಶಾಂತ. ಉಜ್ಜಾಟದಿಂದ ಎಣ್ಣೆ ಬಿಸಿಯಾಗಿ ತೆಳುವಾದರೆ? ಅದನ್ನೂ ನೋಡಿದೆ. ಈ ವೇಗಕ್ಕೆ ಅರ್ಧ ಡಿಗ್ರಿಯೂ ಏರುವುದಿಲ್ಲ.

ಕೈ ಲೆಕ್ಕ

mu ಅಂದರೆ ಸ್ನಿಗ್ಧತೆ, u ಎಣ್ಣೆಯ ವೇಗ, U ಮೇಲಿನ ತಟ್ಟೆಯ ವೇಗ, h ಸಂದು, y ಕೆಳಗಿನ ತಟ್ಟೆಯಿಂದ ಎತ್ತರ, dp/dx ಒತ್ತಡದ ಏರು. ತಟ್ಟೆಗಳು ಉದ್ದವಾಗಿದ್ದು ಹರಿವು ನೆಲೆಗೊಂಡಿದ್ದರೆ ನೇವಿಯರ್-ಸ್ಟೋಕ್ಸ್ ಸಮೀಕರಣದಲ್ಲಿ ಉಳಿಯುವುದು ಇಷ್ಟೇ:

```
mu * u'' = dp/dx
```

ಎರಡು ಸಲ ಇಂಟಿಗ್ರೇಟ್ ಮಾಡಬೇಕು. ಕೆಳಗೆ ವೇಗ ಸೊನ್ನೆ, ಮೇಲೆ U ಅಂತ ಹಾಕಬೇಕು. ಉತ್ತರ ಬರುತ್ತದೆ:

```
u = U*y/h - (1/(2*mu)) * (dp/dx) * y*(h - y)
```

ಕೇಳಲು ಸಲೀಸು. ನಾನು ಮೊದಲ ಸಲ ಮಾಡಿದಾಗ ಎರಡನೇ ಪದದ ಚಿಹ್ನೆ ತಪ್ಪಿತು. ಮೈನಸ್ ಬದಲು ಪ್ಲಸ್. ತಟ್ಟೆಯ ಒಂದು ಮೀಟರ್ ಅಗಲಕ್ಕೆ ಸೆಕೆಂಡಿಗೆ 417 ಮಿ.ಲೀ. ಹರಿಯುತ್ತದೆ ಅಂತ ಬಂತು. ಹಾಳೆಯಲ್ಲಿ ನೋಡಿದರೆ ಏನೂ ಅಸಹಜ ಅನಿಸಲಿಲ್ಲ. ಎರಡೂ ಗೋಡೆಗಳಲ್ಲಿ ವೇಗ ಸರಿಯಾಗಿಯೇ ಇತ್ತು, ಯಾಕೆಂದರೆ y(h - y) ಎರಡೂ ತುದಿಯಲ್ಲಿ ಸೊನ್ನೆ. ಗೋಡೆಯ ಷರತ್ತು ಪರೀಕ್ಷಿಸಿದರೆ ಈ ತಪ್ಪು ಸಿಗುವುದೇ ಇಲ್ಲ.

ಹಿಡಿದುಕೊಟ್ಟದ್ದು ಬೇರೆ ದಾರಿ. ಸಮೀಕರಣ ಲೀನಿಯರ್ ಆಗಿರುವುದರಿಂದ ಎರಡು ಹರಿವನ್ನು ಬೇರೆ ಬೇರೆ ಬಿಡಿಸಿ ಕೂಡಿಸಬಹುದು. ಬರೀ ತಟ್ಟೆ ಎಳೆದರೆ, ಅಂದರೆ ಕ್ವೆಟ್ ಹರಿವು, Uh/2. ಅದು 250 ಮಿ.ಲೀ. ಬರೀ ಒತ್ತಡ ತಳ್ಳಿದರೆ, ಅಂದರೆ ಪ್ವಾಸೆಯ್ ಹರಿವು, h³/(12 mu) ಗುಣಿಸು dp/dx. ಅದು ಸುಮಾರು 167 ಮಿ.ಲೀ., ಎಡಕ್ಕೆ. 250ರಲ್ಲಿ 167 ಕಳೆದರೆ 83. ಒತ್ತಡ ಎದುರು ನಿಂತಿರುವಾಗ ಉತ್ತರ 250ಕ್ಕಿಂತ ಜಾಸ್ತಿ ಬರುವುದು ಹೇಗೆ? ಒಂದೇ ಏಟಿಗೆ ಇಂಟಿಗ್ರೇಟ್ ಮಾಡಿದಾಗ ಕಾಣದ ತಪ್ಪು ಹೀಗೆ ಬಿಡಿಸಿ ಕೂಡಿಸಿದಾಗ ಕಣ್ಣಿಗೆ ಹೊಡೆಯುತ್ತದೆ. ಅವತ್ತಿನಿಂದ ನಾನು ಹೀಗೇ ಮಾಡುತ್ತೇನೆ.

ನಮ್ಮ ಅಂಕಿಗಳನ್ನು ಹಾಕಿದರೆ ಸೂತ್ರ ಚೆಂದಕ್ಕೆ ಸರಳವಾಗುತ್ತದೆ. y/h ಅನ್ನು s ಅನ್ನೋಣ. ಆಗ u = U(2s² - s). ಸಂದಿನ ಸರಿ ಅರ್ಧದಲ್ಲಿ ವೇಗ ಸೊನ್ನೆ. ಅದಕ್ಕಿಂತ ಕೆಳಗಿನ ಎಣ್ಣೆಯೆಲ್ಲ ಹಿಂದಕ್ಕೆ ಹರಿಯುತ್ತದೆ! ಕಾಲು ಎತ್ತರದಲ್ಲಿ ಹಿಮ್ಮುಖ ವೇಗ ಎಲ್ಲಕ್ಕಿಂತ ಜಾಸ್ತಿ, ಸೆಕೆಂಡಿಗೆ 6 ಸೆಂ.ಮೀ. ಚಿಲ್ಲರೆ. ಹೀಗೆ ಹಿಂದಕ್ಕೆ ಹರಿಯಲು ಶುರುವಾಗುವುದು ಒತ್ತಡದ ಏರು 2 mu U/h² ದಾಟಿದಾಗ. ಇಲ್ಲಿ ಅದು ಮೀಟರಿಗೆ 1 ಬಾರ್. 3 ಬಾರ್ ಆದರೆ ಹೋದಷ್ಟೇ ವಾಪಸು, ಒಟ್ಟು ಹರಿವು ಸೊನ್ನೆ. ನಾವು ಇರುವುದು ಎರಡರ ನಡುವೆ.

ಎಣ್ಣೆಗೂ ಗೋಡೆಗೂ ನಡುವಿನ ಉಜ್ಜಾಟ, ಅಂದರೆ ಶಿಯರ್ ಸ್ಟ್ರೆಸ್: ಕೆಳಗೆ -50 ಪಾಸ್ಕಲ್, ಮೇಲೆ 150 ಪಾಸ್ಕಲ್. ಎರಡರ ವ್ಯತ್ಯಾಸ 200. ಒತ್ತಡದ ಏರನ್ನು ಸಂದಿನಿಂದ ಗುಣಿಸಿದರೂ 200. ಬಲದ ಲೆಕ್ಕ ಕೂಡಿಬಂತು. ಈ 200 ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಗೋಡೆಯ ಮೇಲೆ ಚುಕ್ಕಿ ಇಡುವ ದಾರಿ

ಎರಡನೆಯದು ಫೈನೈಟ್ ಡಿಫರೆನ್ಸ್. ಸಂದನ್ನು 10 ಭಾಗ ಮಾಡಿ, ಗೋಡೆಗಳೂ ಸೇರಿ 11 ಚುಕ್ಕಿ ಇಟ್ಟು, ಪ್ರತಿ ಚುಕ್ಕಿಯ ವೇಗ ಹುಡುಕುವುದು.

```python
import numpy as np
mu, U, h, px, N = 0.1, 0.5, 1e-3, 2e5, 10
d = h/N
A = np.zeros((N+1, N+1))
b = np.full(N+1, px*d*d/mu)
A[0,0] = A[N,N] = 1
b[0], b[N] = 0, U
for i in range(1, N):
    A[i, i-1:i+2] = 1, -2, 1
u = np.linalg.solve(A, b)
```

ಇದನ್ನು ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗ ಓಡಿಸಿದ. ಸೂತ್ರದ ಉತ್ತರದ ಜೊತೆ ಹೋಲಿಸಿ ನೋಡಿ, "ಸಾರ್, ಎರರ್ ಸೊನ್ನೆ!" ಅಂದ. ನಿಜ, ಸೊನ್ನೆಯೇ. ಹತ್ತೇ ಭಾಗಕ್ಕೆ ಇಷ್ಟು ಕರಾರುವಾಕ್ಕು ಅಂದರೆ ಕೋಡ್ ಪರೀಕ್ಷೆ ಪಾಸ್ ಅಂತ ಅವನ ಲೆಕ್ಕ.

ನಾನು N ಅನ್ನು 2 ಮಾಡು ಅಂದೆ. ಆಗ ಗೊತ್ತಿಲ್ಲದ್ದು ನಡುವಿನ ಒಂದೇ ಚುಕ್ಕಿ. ಹಾಳೆಯ ಮೇಲೂ ಮಾಡಬಹುದು: 0 - 2u + 0.5 = 0.5, ಅಂದರೆ u = 0. ಸೂತ್ರ ಹೇಳುವುದೂ ಸೊನ್ನೆಯೇ. ಒಂದೇ ಚುಕ್ಕಿಗೂ ಎರರ್ ಇಲ್ಲ. ಇದು ಕೋಡಿನ ಜಾಣತನ ಅಲ್ಲ. ಈ ಮೂರು ಚುಕ್ಕಿಯ ವಿಧಾನ ಬಿಟ್ಟುಬಿಡುವುದು u ದ ನಾಲ್ಕನೇ ಡೆರಿವೇಟಿವ್‌ನಿಂದ ಶುರುವಾಗುವ ಪದಗಳನ್ನು. ನಮ್ಮ ಉತ್ತರ ಪ್ಯಾರಾಬೋಲ, ಅದಕ್ಕೆ ನಾಲ್ಕನೇ ಡೆರಿವೇಟಿವ್ ಇಲ್ಲವೇ ಇಲ್ಲ. ಹಾಗಾಗಿ ಭಾಗಗಳನ್ನು ಹೆಚ್ಚಿಸಿದಂತೆ ಎರರ್ ಎಷ್ಟು ಬೇಗ ಇಳಿಯುತ್ತದೆ ಅಂತ ತಿಳಿಯಲು ಈ ಲೆಕ್ಕದ ವೇಗಗಳು ಏನೇನೂ ಪ್ರಯೋಜನವಿಲ್ಲ.

ಎರರ್ ಅಡಗಿ ಕೂತಿರುವುದು ಬೇರೆ ಕಡೆ. 10 ಭಾಗಕ್ಕೇ ವಾಪಸು ಬರೋಣ. ಗೋಡೆಯ ಪಕ್ಕದ ಚುಕ್ಕಿಯ ವೇಗ -0.04. ಅದನ್ನು 0.1 ಮಿ.ಮೀ.ನಿಂದ ಭಾಗಿಸಿ ಸ್ನಿಗ್ಧತೆಯಿಂದ ಗುಣಿಸಿದರೆ ಗೋಡೆಯ ಉಜ್ಜಾಟ -40 ಪಾಸ್ಕಲ್. ನಿಜವಾದದ್ದು -50. ವೇಗ ಒಂದಿಷ್ಟೂ ತಪ್ಪಿಲ್ಲ, ಉಜ್ಜಾಟ ಮಾತ್ರ ಐದರಲ್ಲೊಂದು ಪಾಲು ತಪ್ಪು. ಮೇಲೆ 150ರ ಬದಲು 140. ವ್ಯತ್ಯಾಸ 180. ಇರಬೇಕಾದದ್ದು 200, ಅಲ್ವಾ? ಸೂತ್ರವೇ ಗೊತ್ತಿಲ್ಲದಿದ್ದರೂ ಈ ಬಲದ ಲೆಕ್ಕ ಕೂಡದೇ ಇರುವುದು ಎಚ್ಚರಿಸುತ್ತದೆ.

ಹರಿವಿನ ಕಥೆಯೂ ಹಾಗೇ. ಚುಕ್ಕಿಗಳ ನಡುವೆ ನೇರ ಗೆರೆ ಎಳೆದು ಕೂಡಿಸಿದರೆ, ಅಂದರೆ ಟ್ರಪೀಜಾಯ್ಡ್ ವಿಧಾನದಲ್ಲಿ, 85 ಮಿ.ಲೀ. ಬರುತ್ತದೆ. ಇರಬೇಕಾದ್ದು 83.3. ಪ್ಯಾರಾಬೋಲದ ಹೊಟ್ಟೆ ಕೆಳಕ್ಕೆ ಜೋತಿದೆ, ನೇರ ಗೆರೆ ಅದರ ಮೇಲೆ ಹಾದುಹೋಗುತ್ತದೆ, ಅದಕ್ಕೇ ಜಾಸ್ತಿ.

ಸರಿಪಡಿಸುವುದು ಕಷ್ಟವಲ್ಲ. ಉಜ್ಜಾಟಕ್ಕೆ ಗೋಡೆಯಿಂದ ಒಂದರ ಬದಲು ಎರಡು ಚುಕ್ಕಿ ಬಳಸಿದರೆ, (-3u0 + 4u1 - u2)/(2d), ಸರಿಯಾಗಿ -50 ಬರುತ್ತದೆ. ಹರಿವಿಗೆ ಸಿಂಪ್ಸನ್ ಸೂತ್ರ ಹಾಕಿದರೆ 83.3.

ಕೋಣೆ ಮಾಡುವ ದಾರಿ

ಮೂರನೆಯದು ಫೈನೈಟ್ ವಾಲ್ಯೂಮ್. ಸಂದನ್ನು ಹತ್ತು ಕೋಣೆ ಮಾಡಿ, ಪ್ರತಿ ಕೋಣೆಯ ನಡುವೆ ವೇಗ ಇಡುವುದು. ಗೋಡೆಯ ಮೇಲೆ ಚುಕ್ಕಿ ಇಲ್ಲ. ಮೊದಲ ವೇಗ ಗೋಡೆಯಿಂದ ಅರ್ಧ ಕೋಣೆ ದೂರದಲ್ಲಿದೆ. ಗೋಡೆಯ ಉಜ್ಜಾಟಕ್ಕೆ ಆ ಅರ್ಧ ಕೋಣೆಯ ವೇಗವನ್ನೇ ಅರ್ಧ ಕೋಣೆಯ ದೂರದಿಂದ ಭಾಗಿಸುತ್ತೇವೆ.

ಇಲ್ಲಿ ಫಲಿತಾಂಶ ಪೂರ್ತಿ ಉಲ್ಟಾ. ಮೊದಲ ಕೋಣೆಯ ವೇಗ -0.0225 ಇರಬೇಕಿತ್ತು, -0.025 ಬಂತು. ಕೊನೆಯದು 0.4275 ಇರಬೇಕಿತ್ತು, 0.425 ಬಂತು. ಹತ್ತೂ ಕೋಣೆಯಲ್ಲಿ ವೇಗ ಕರೆಕ್ಟಾಗಿ 0.0025 ಕಮ್ಮಿ. ಇಡೀ ಪ್ಯಾರಾಬೋಲವನ್ನು ಯಾರೋ ಹಿಡಿದು ಒಂದಿಷ್ಟು ಎಡಕ್ಕೆ ಸರಿಸಿದ ಹಾಗೆ. ಆದರೆ ಗೋಡೆಯ ಉಜ್ಜಾಟ ನೋಡಿ: -0.025 ಅನ್ನು 0.05 ಮಿ.ಮೀ.ನಿಂದ ಭಾಗಿಸಿ 0.1ರಿಂದ ಗುಣಿಸಿದರೆ -50. ಮೇಲೆ 150. ವ್ಯತ್ಯಾಸ 200. ಚೂರೂ ತಪ್ಪಿಲ್ಲ!

ಮೊದಲ ಸಲ ನೋಡಿದಾಗ ಇದು ಕಾಕತಾಳೀಯ ಅಂದುಕೊಂಡೆ. ಅಲ್ಲ. ಈ ವಿಧಾನ ಕಟ್ಟಿರುವುದೇ ಪ್ರತಿ ಕೋಣೆಯ ಬಲದ ಲೆಕ್ಕ ಕೂಡುವಂತೆ. ಹತ್ತು ಕೋಣೆ ಕೂಡಿಸಿದರೆ ಮೇಲಿನ ಮತ್ತು ಕೆಳಗಿನ ಉಜ್ಜಾಟದ ವ್ಯತ್ಯಾಸ 200 ಆಗದೆ ವಿಧಿಯಿಲ್ಲ. ಗೋಡೆಯ ಪಕ್ಕದ ಇಳಿಜಾರಿನ ಅಂದಾಜಿನಲ್ಲಿ ಆಗುವ ತಪ್ಪನ್ನು ಅದು ಉಜ್ಜಾಟಕ್ಕೆ ತಟ್ಟಲು ಬಿಡದೆ ವೇಗದ ಮೇಲೆ ಹಾಕುತ್ತದೆ. ಆ ಸರಿದ ಪ್ರಮಾಣ u'' d²/8. ಕೋಣೆಯ ದಪ್ಪ ಅರ್ಧ ಮಾಡಿದರೆ ತಪ್ಪು ಕಾಲುಭಾಗಕ್ಕೆ ಇಳಿಯುತ್ತದೆ, ಮಾಡಿ ನೋಡಿದೆ, ಹಾಗೇ ಇಳಿಯಿತು.

ಹರಿವಿನಲ್ಲಿ ಮಾತ್ರ ಕೋಣೆಗಳದ್ದು ಸೋಲು. ಎಲ್ಲ ವೇಗ ಕಮ್ಮಿ ಇರುವುದರಿಂದ ಕೂಡಿಸಿದರೆ 80 ಮಿ.ಲೀ. ಬಂತು, ನೂರಕ್ಕೆ ನಾಲ್ಕು ಕಮ್ಮಿ. ಚುಕ್ಕಿಗಳದ್ದು ನೂರಕ್ಕೆ ಎರಡು ಜಾಸ್ತಿ ಇತ್ತು. ಎಡಕ್ಕೂ ಬಲಕ್ಕೂ ಹರಿದು ಉಳಿದದ್ದು ಸಣ್ಣ ಮೊತ್ತವಾದ್ದರಿಂದ ಸಣ್ಣ ತಪ್ಪೂ ಇಲ್ಲಿ ದೊಡ್ಡದಾಗಿ ಕಾಣುತ್ತದೆ. ಒತ್ತಡದ ಏರು ಮೀಟರಿಗೆ 3 ಬಾರಿನ ಹತ್ತಿರ ಹೋದರೆ ಹರಿವು ಸೊನ್ನೆಯ ಪಕ್ಕ ಬರುತ್ತದೆ. ಆಗ ಒರಟು ಕೋಣೆಗಳಲ್ಲಿ ಹರಿವಿನ ದಿಕ್ಕೇ ತಪ್ಪಿ ಬರಬಹುದು.

ಯಾವುದಕ್ಕೆ ಯಾವುದು

ಸಂದು ಒಂದೇ ಸಮ, ಎಣ್ಣೆ ಒಂದೇ ತರ ಇದ್ದರೆ ಕೈ ಲೆಕ್ಕ ಬಿಟ್ಟು ಬೇರೆ ಮಾಡುವ ಅಗತ್ಯವೇ ಇಲ್ಲ, ಅದೂ ಬಿಡಿಸಿ ಕೂಡಿಸುವ ದಾರಿಯಲ್ಲಿ. ತಟ್ಟೆ ಎಳೆಯಲು ಎಷ್ಟು ಬಲ ಬೇಕು ಅನ್ನುವುದೇ ಪ್ರಶ್ನೆಯಾಗಿದ್ದು, ಎಣ್ಣೆಯ ಸ್ನಿಗ್ಧತೆ ಎತ್ತರಕ್ಕೆ ತಕ್ಕಂತೆ ಬದಲಾಗುತ್ತಿದ್ದರೆ ನಾನು ಕೋಣೆಗಳ ಕಡೆ. ವೇಗದ ಚಿತ್ರವೇ ಮುಖ್ಯವಾದರೆ, ಉದಾಹರಣೆಗೆ ಹಿಮ್ಮುಖ ಹರಿವು ಎಷ್ಟು ಎತ್ತರದವರೆಗೆ ಅಂತ ತಿಳಿಯಬೇಕಾದರೆ, ಚುಕ್ಕಿಗಳ ಕಡೆ. ಕೋಣೆಗಳಲ್ಲಿ ವೇಗವೆಲ್ಲ ಎಡಕ್ಕೆ ಸರಿದಿರುವುದರಿಂದ ಹಿಮ್ಮುಖ ಪಟ್ಟಿ ಇರುವುದಕ್ಕಿಂತ ಸ್ವಲ್ಪ ದಪ್ಪಗೆ ಕಾಣುತ್ತದೆ.

ಆ ಹುಡುಗನ ಕೋಡನ್ನು ಪರೀಕ್ಷಿಸಲು ಕೊನೆಗೆ ಸ್ನಿಗ್ಧತೆಯನ್ನೇ ಎತ್ತರದ ಜೊತೆ ಬದಲಿಸಿದೆವು, ಕೆಳಗೆ ಹೆಚ್ಚು, ಮೇಲೆ ಕಮ್ಮಿ. ಆಗ ಉತ್ತರ ಪ್ಯಾರಾಬೋಲ ಆಗಿ ಉಳಿಯುವುದಿಲ್ಲ, ಲಾಗರಿದಮ್ ಬರುತ್ತದೆ. ಹತ್ತು ಭಾಗಕ್ಕೆ ಓಡಿಸಿದಾಗ ಎರರ್ ಸೊನ್ನೆ ಇರಲಿಲ್ಲ. ಇಪ್ಪತ್ತು ಮಾಡಿದಾಗ ಕಾಲುಭಾಗಕ್ಕೆ ಇಳಿಯಿತು. "ಈಗ ಪಾಸಾ ಸಾರ್?" ಅಂದ. ಗೋಡೆಯ ಉಜ್ಜಾಟ ತೋರಿಸು ಅಂದೆ.