‘ಫುಲ್ ಎಚ್‌ಡಿ ಕೊಟ್ಟಿದ್ದೀವಿ’ ಅಂದ ತಕ್ಷಣ ದುಡ್ಡು ಕೊಡಬೇಡಿ

ಜಾತ್ರೆ, ಗೃಹಪ್ರವೇಶದ ವಿಡಿಯೋ ತುಣುಕುಗಳನ್ನು ಸ್ಟುಡಿಯೋಗೆ ಕೊಟ್ಟು ಶಾರ್ಟ್ಸ್ ಮಾಡಿಸುವವರು ಇದನ್ನು ಓದಿ. ಚಿತ್ರದುರ್ಗದ ಒಂದು ಸ್ಟುಡಿಯೋದಲ್ಲಿ ನಮಗಾದದ್ದು ಇದು. ಹೆಸರು ಬೇಡ, ಇಂಥ ಕೆಲಸ ಅವರೊಬ್ಬರೇ ಮಾಡೋದಲ್ಲ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರನ್ನು ನಮ್ಮ ಹುಡುಗರು ಫೋನ್ ಅಡ್ಡ ಹಿಡಿದು ತೆಗೆದಿದ್ದರು. 4ಕೆ, ಸೆಕೆಂಡಿಗೆ 30 ಫ್ರೇಮ್. ಕೊಬ್ಬರಿ ಸುಡುವ ಹೊಗೆ, ಕಿಕ್ಕಿರಿದ ಜನ, ತೇರಿನತ್ತ ತೂರಿ ಬರುವ ಬಾಳೆಹಣ್ಣು, ಎಲ್ಲ ಚೆನ್ನಾಗಿ ಬಂದಿತ್ತು. ತೇರು ಎತ್ತರದ್ದು ಅಲ್ವಾ, ಅದಕ್ಕೇ ಒಂದೂವರೆ ನಿಮಿಷದ ವರ್ಟಿಕಲ್ ವಿಡಿಯೋ ಮಾಡಿಕೊಡಿ, ಯೂಟ್ಯೂಬ್ ಶಾರ್ಟ್ಸ್‌ಗೆ ಹಾಕಬೇಕು ಅಂದೆವು.

ಅವರು ಕೊಟ್ಟ ಫೈಲನ್ನು ಕಂಪ್ಯೂಟರಿನಲ್ಲಿ ನೋಡಿದರೆ ನಡುವೆ ನಿಂತ ಚಿತ್ರ, ಎರಡೂ ಬದಿ ಕಪ್ಪು. ವರ್ಟಿಕಲ್ಲೇ ಇದೆಯಲ್ಲ ಅನಿಸುತ್ತದೆ. ಆದರೆ ಫೈಲ್ ಅಡ್ಡದ್ದೇ, 1920×1080. ಮದುವೆ ವಿಡಿಯೋ ಎಡಿಟ್ ಮಾಡಲು ಇಟ್ಟುಕೊಂಡ ಅಡ್ಡ ಟೈಮ್‌ಲೈನಿನ ನಡುವೆ ವರ್ಟಿಕಲ್ ಚಿತ್ರ ಕೂರಿಸಿ ಹಾಗೇ ಎಕ್ಸ್‌ಪೋರ್ಟ್ ಮಾಡಿದ್ದರು. ಕಪ್ಪು ಪಟ್ಟಿಯೂ ವಿಡಿಯೋದ ಭಾಗವೇ ಆಗಿಹೋಗಿತ್ತು. ಮೂರು ನಿಮಿಷದೊಳಗಿನ ವಿಡಿಯೋ ಶಾರ್ಟ್ಸ್ ಆಗಬೇಕಾದರೆ ಫ್ರೇಮ್ ಚೌಕ ಅಥವಾ ವರ್ಟಿಕಲ್ ಇರಬೇಕು. ಇದು ಸಾಮಾನ್ಯ ವಿಡಿಯೋ ಆಗಿ ಏರಿತು. ಫೋನ್ ನೆಟ್ಟಗೆ ಹಿಡಿದು ನೋಡಿದರೆ ನಾಲ್ಕೂ ಕಡೆ ಕಪ್ಪು, ನಡುವೆ ತೆಳ್ಳಗೆ ತೇರು. ಪರದೆಯ ಅಗಲದಲ್ಲಿ ಮೂರನೇ ಒಂದು ಭಾಗವೂ ಇಲ್ಲ!

ಫೋನ್ ಮಾಡಿದರೆ ‘ಸಾರ್, ಫುಲ್ ಎಚ್‌ಡಿ ಕೊಟ್ಟಿದ್ದೀವಿ, ನಿಮ್ಮ ನೆಟ್ ಸ್ಲೋ ಇರಬೇಕು’ ಅಂದರು. ಜಗಳ ಮಾಡಿದ ಮೇಲೆ ‘ಸರಿ ಮಾಡಿ’ ಇನ್ನೊಂದು ಫೈಲ್ ಕೊಟ್ಟರು. ಅಸಲಿ ಮೋಸ ಇಲ್ಲಿರೋದು.

ಮೊದಲ ಫೈಲ್ 22 ಎಂಬಿ ಇತ್ತು. ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ವಿಡಿಯೋಗೆ ಎಷ್ಟು ಡೇಟಾ ಇದೆ ಅಂತ ತಿಳಿಯಬೇಕಾದರೆ ಎಂಬಿಯನ್ನು 8ರಿಂದ ಗುಣಿಸಿ, ಸೆಕೆಂಡಿನಿಂದ ಭಾಗಿಸಿ. 22×8 ಅಂದರೆ 176. ಅದನ್ನು 90 ಸೆಕೆಂಡಿನಿಂದ ಭಾಗಿಸಿದರೆ ಹೆಚ್ಚುಕಡಿಮೆ 2 ಎಂಬಿಪಿಎಸ್. ಸೆಕೆಂಡಿಗೆ 30 ಫ್ರೇಮಿನ 1080ಪಿ ವಿಡಿಯೋಗೆ ಯೂಟ್ಯೂಬ್ ಹೇಳುವುದು 8 ಎಂಬಿಪಿಎಸ್. ಹಾಗಾದರೆ ಫೈಲ್ 90 ಎಂಬಿ ಹತ್ತಿರ ಇರಬೇಕಿತ್ತು. ಒಬ್ಬರು ಕೂತು ಮಾತಾಡುವ ವಿಡಿಯೋ ಆಗಿದ್ದರೆ 2ರಲ್ಲೂ ಹೇಗೋ ನಡೆಯುತ್ತಿತ್ತು, ಯಾಕೆಂದರೆ ಹಿಂದಿನ ಗೋಡೆ ಬದಲಾಗೋದಿಲ್ಲ. ಜಾತ್ರೆಯಲ್ಲಿ ಹೊಗೆ, ಜನ, ಹಾರುವ ಹಣ್ಣು ಎಲ್ಲವೂ ಪ್ರತಿ ಫ್ರೇಮಿನಲ್ಲೂ ಬೇರೆ. ಬಿಟ್ ಸಾಲದೆ ಹೊಗೆ ಚೌಕ ಚೌಕವಾಗಿ ಒಡೆದಿತ್ತು. ಅದರ ಮೇಲೆ ಯೂಟ್ಯೂಬ್ ಮತ್ತೊಮ್ಮೆ ಕಂಪ್ರೆಸ್ ಮಾಡಿತು.

ಎರಡನೇ ಫೈಲ್ 225 ಎಂಬಿ, ಅಂದರೆ 20 ಎಂಬಿಪಿಎಸ್. ಅಳತೆ 1080×1920, ಸರಿಯಾಗೇ ಇದೆ. ಆದರೂ ಅದೇ ಚೌಕಗಳು, ಮೊದಲಿಗಿಂತ ಮಸುಕು. ಪ್ರಾಜೆಕ್ಟ್ ಅಳಿಸಿಬಿಟ್ಟಿದ್ದರಿಂದ ಮೊದಲ ಫೈಲನ್ನೇ ತೆಗೆದು, ನಡುವಿನ ಭಾಗ ಕ್ರಾಪ್ ಮಾಡಿ, ಹಿಗ್ಗಿಸಿ ಕೊಟ್ಟಿದ್ದರು. ಆ ನಡುವಿನ ಭಾಗದ ಅಗಲ ಬರೀ 607 ಪಿಕ್ಸೆಲ್. ಅದನ್ನು 1080ಕ್ಕೆ ಎಳೆದರೆ ಮಸುಕಾಗದೆ ಇನ್ನೇನಾಗುತ್ತೆ? ಹೋದ ವಿವರ ಬಿಟ್‌ರೇಟ್ ಏರಿಸಿದರೆ ವಾಪಸ್ ಬರೋದಿಲ್ಲ. ಫೈಲ್ ಮಾತ್ರ ದಪ್ಪ ಆಗುತ್ತೆ.

ತೇರು ಎಳೆಯುವಾಗ ತಡೆತಡೆದು ಚಲಿಸಿದಂತೆ ಕಾಣುತ್ತಿತ್ತು. ಮದುವೆ ಟೈಮ್‌ಲೈನ್ 25 ಫ್ರೇಮಿನದು, ನಮ್ಮ ಫೋನ್ 30ರದು. ಸೆಕೆಂಡಿಗೆ ಐದು ಫ್ರೇಮ್ ಬಿದ್ದುಹೋಗಿವೆ. ನಿಂತ ದೃಶ್ಯದಲ್ಲಿ ಗೊತ್ತಾಗಲ್ಲ, ಕ್ಯಾಮೆರಾ ತಿರುಗಿಸಿದಾಗ ಕಣ್ಣಿಗೆ ಹೊಡೆಯುತ್ತೆ. ಎರಡನೇ ಫೈಲ್ 30 ಅಂತ ತೋರಿಸಿದರೂ ಇದ್ದ ಫ್ರೇಮ್‌ಗಳಲ್ಲೇ ಸೆಕೆಂಡಿಗೆ ಐದನ್ನು ಎರಡನೇ ಸಲ ತುಂಬಿದ್ದರು, ಅಷ್ಟೆ.

ಪುಣ್ಯಕ್ಕೆ ಮೂಲ ತುಣುಕುಗಳು ಹುಡುಗರ ಫೋನಿನಲ್ಲೇ ಇದ್ದವು. ದಾವಣಗೆರೆಯ ಪರಿಚಯದ ಹುಡುಗನೊಬ್ಬ 1080×1920, 30 ಫ್ರೇಮ್, 16 ಎಂಬಿಪಿಎಸ್ ಇಟ್ಟು ಹೊಸದಾಗಿ ಮಾಡಿದ. 4ಕೆ ಚಿತ್ರದಿಂದ ಪೂರ್ತಿ ಎತ್ತರದ ವರ್ಟಿಕಲ್ ಭಾಗ ಕತ್ತರಿಸಿದರೆ 1215×2160 ಸಿಗುತ್ತದೆ, ಹಿಗ್ಗಿಸುವ ಮಾತೇ ಇಲ್ಲ. ತೇರು ಫ್ರೇಮಿನ ಬದಿಗೆ ಸರಿದ ಕಡೆಯೆಲ್ಲ ಕ್ರಾಪ್ ಕೂಡ ಅದರ ಹಿಂದೆ ಸರಿಸಿದ.

ದುಡ್ಡು ಕೊಡುವ ಮುಂಚೆ ಕಂಪ್ಯೂಟರಿನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, Properties ಒಳಗೆ Details ನೋಡಿ. Frame width 1080, Frame height 1920 ಇದೆಯಾ? Frame rate ನೀವು ಶೂಟ್ ಮಾಡಿದ್ದೇ ಇದೆಯಾ? Total bitrate ಎಂಟು ಸಾವಿರ kbps ದಾಟಿದೆಯಾ? ನಂಬರ್ ಸರಿ ಇದ್ದರೂ ಜನ ಜಾಸ್ತಿ ಇರುವ ಕಡೆ ನಿಲ್ಲಿಸಿ ನೋಡಿ. ನಮ್ಮ ಎರಡನೇ ಫೈಲಿನಲ್ಲಿ ನಂಬರೆಲ್ಲ ಸರಿಯೇ ಇದ್ದವು. ಫೈಲನ್ನು ವಾಟ್ಸಾಪಿನಲ್ಲಿ ತರಿಸಿಕೊಳ್ಳುವುದಾದರೆ ವಿಡಿಯೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಅಪ್‌ಲೋಡ್ ಆಗುವ ತನಕ ಪ್ರಾಜೆಕ್ಟ್ ಅಳಿಸಬೇಡಿ ಅಂತಲೂ ಮೊದಲೇ ಹೇಳಿಬಿಡಿ.

ಒಂದು ವಿಷಯದಲ್ಲಿ ಮಾತ್ರ ಸ್ಟುಡಿಯೋದವರ ಮೇಲೆ ಹಾರಬೇಡಿ. ಅಪ್‌ಲೋಡ್ ಆದ ಸ್ವಲ್ಪ ಹೊತ್ತು ಯೂಟ್ಯೂಬ್ ಕಡಿಮೆ ಕ್ವಾಲಿಟಿಯ ಪ್ರತಿಯನ್ನೇ ತೋರಿಸುತ್ತದೆ. ಎಚ್‌ಡಿ ತಯಾರಾಗುವ ತನಕ ಒಳ್ಳೆಯ ಫೈಲೂ ಮಸುಕಾಗೇ ಕಾಣುತ್ತೆ.